ಯಾಣದಲ್ಲಿ ಸಿಗದ ಪ್ರತಿಧ್ವನಿ ಮಿರ್ಜಾನ್ ಕೋಟೆಯಲ್ಲಿ ಸಿಕ್ಕಿತು

ಮಗಳು ಒಂಬತ್ತನೇ ಕ್ಲಾಸು. ಶಬ್ದದ ಪಾಠದಲ್ಲಿ ಪ್ರತಿಧ್ವನಿಯ ಲೆಕ್ಕ ಬಂದಾಗಲೆಲ್ಲ ಎರಡರಿಂದ ಭಾಗಿಸುವುದನ್ನು ಮರೆಯುತ್ತಾಳೆ. ಶಬ್ದ ಹೋಗಿ ಬರಬೇಕಲ್ಲವೇ, ಅದಕ್ಕೇ ಅರ್ಧ ಎಂದು ಹತ್ತು ಸಲ ಹೇಳಿದರೂ ಅಷ್ಟೇ. ಕೊನೆಗೆ ನವೆಂಬರಿನ ಒಂದು ರಜೆಯಲ್ಲಿ, ಸಿರಸಿಯಿಂದ ಹೊರಟು ಬಂಡೆಯ ಎದುರೇ ಚಪ್ಪಾಳೆ ಹೊಡೆಸೋಣ ಎಂದುಕೊಂಡೆ.

ಎಲ್ಲರೂ ಹೇಳುವಂತೆ ಮೊದಲು ಯಾಣಕ್ಕೆ ಹೋದೆವು. ಇದೇ ಕೆಲಸಕ್ಕೆ ಹೊರಡುವವರಿದ್ದರೆ ನನ್ನ ಮಾತು ಕೇಳಿ, ಯಾಣವನ್ನು ನೋಡಲು ಹೋಗಿ, ಅಳೆಯಲು ಬೇಡ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ ಇದೆ, ಸರಿ. ಆದರೆ ಅದರ ಬುಡದಲ್ಲೇ ಕಾಡು. ಕಾಲುದಾರಿಯಿಂದ ಬಂಡೆ ಪೂರ್ತಿ ಕಾಣುವಷ್ಟರಲ್ಲಿ ನಾವು ಅದರ ಹತ್ತಿರವೇ ಇರುತ್ತೇವೆ. ನಮ್ಮ ಕಿವಿಗೆ ಎರಡು ಸದ್ದು ಬೇರೆ ಬೇರೆ ಅನ್ನಿಸಲು ನಡುವೆ ಸುಮಾರು 0.1 ಸೆಕೆಂಡ್ ಬೇಕು. ಅಷ್ಟರಲ್ಲಿ ಶಬ್ದ 34 ಮೀಟರ್ ಓಡಿರುತ್ತದೆ. ಅಂದರೆ ಬಂಡೆ ಕನಿಷ್ಠ 17 ಮೀಟರ್ ದೂರ ಇರಬೇಕು. ಅದಕ್ಕಿಂತ ಹತ್ತಿರ ನಿಂತರೆ ಚಪ್ಪಾಳೆಗೆ ಬಾಲ ಬಂದಂತೆ ಕೇಳುತ್ತದೆ, ಅಷ್ಟೇ. ಹಿಂದೆ ಸರಿದರೆ ಎಲೆಗಳು ಸದ್ದನ್ನು ಚದುರಿಸುತ್ತವೆ. ಜೊತೆಗೆ ಬಂಡೆಯ ಮೇಲೆ ಹೆಜ್ಜೇನು, ಕೆಳಗೆ ದೇವಸ್ಥಾನ. ಎರಡಕ್ಕೂ ಗಲಾಟೆ ಆಗಿಬರುವುದಿಲ್ಲ.

ಹಾಗಾಗಿ ಕುಮಟಾಕ್ಕೆ ಇಳಿದು ರಾತ್ರಿ ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಅಂಕೋಲಾ ಕಡೆ ಹೊರಟು ಮಿರ್ಜಾನ್ ಕೋಟೆ ತಲುಪಿದೆವು. ಹೆದ್ದಾರಿಯಿಂದ ಒಳಗೆ ಸ್ವಲ್ಪವೇ ದೂರ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಕೇಳಿಬರುವ ಕೋಟೆ ಇದು. ನಮಗೆ ಬೇಕಾಗಿದ್ದದ್ದು ಅದರ ಗೋಡೆ. ಚಿರೆಕಲ್ಲಿನದು, ಎತ್ತರ, ಎದುರಿಗೆ ಬಯಲು. ಬೆಳಿಗ್ಗೆಯೇ ಹೋಗಿ. ಹೊತ್ತೇರಿದರೆ ಜನವೂ ಜಾಸ್ತಿ, ಕಡಲ ಗಾಳಿಯೂ ಜಾಸ್ತಿ. ಗಾಳಿಯಿಂದ ಲೆಕ್ಕ ಅಷ್ಟು ಕೆಡುವುದಿಲ್ಲ, ಯಾಕೆಂದರೆ ಹೋಗುವಾಗ ತಳ್ಳಿದ ಗಾಳಿ ಬರುವಾಗ ತಡೆಯುತ್ತದೆ. ಆದರೆ ಎಲೆಯ ಸದ್ದಿನಲ್ಲಿ ಪ್ರತಿಧ್ವನಿಯೇ ಕೇಳದಂತಾಗುತ್ತದೆ.

ಸಾಮಾನು ಹೆಚ್ಚೇನಿಲ್ಲ. 30 ಮೀಟರಿನ ಟೇಪು, ಫೋನಿನ ಸ್ಟಾಪ್‌ವಾಚು, ಉಷ್ಣತೆ ನೋಡಲು ಒಂದು ಥರ್ಮಾಮೀಟರು. ಎರಡು ಪುಟ್ಟ ಹಲಗೆ ತುಂಡು ಒಯ್ದರೆ ಅಂಗೈ ಉಳಿಯುತ್ತದೆ. ನಾವು ಒಯ್ದಿರಲಿಲ್ಲ.

ಗೋಡೆಗೆ ನೇರವಾಗಿ 50 ಮೀಟರ್ ಅಳೆದು ನಿಂತೆವು. ಮಗಳು "ಓ" ಎಂದು ಕೂಗಿದಳು. ಏನೂ ತಿಳಿಯಲಿಲ್ಲ. ಅವಳ ಕೂಗು ಮುಗಿಯುವ ಮೊದಲೇ ಪ್ರತಿಧ್ವನಿ ಬಂದು ಅದರಲ್ಲೇ ಸೇರಿಹೋಗಿತ್ತು. ಚಪ್ಪಾಳೆ ಚಿಕ್ಕ ಸದ್ದು, ಅದೇ ಸರಿ. ಆಮೇಲೆ ಒಂದು ಚಪ್ಪಾಳೆ ಹೊಡೆದು ಸ್ಟಾಪ್‌ವಾಚ್ ಒತ್ತಿದಳು. ಒಮ್ಮೆ 0.41 ಸೆಕೆಂಡ್, ಒಮ್ಮೆ 0.22, ಇನ್ನೊಮ್ಮೆ 0.36. ಇದು ಶಬ್ದದ ತಪ್ಪಲ್ಲ, ಬೆರಳಿನದು. ಕೇಳಿ ಒತ್ತುವುದರಲ್ಲಿ 0.1 ಸೆಕೆಂಡ್ ಹೆಚ್ಚುಕಡಿಮೆಯಾದರೂ ದೂರದಲ್ಲಿ 17 ಮೀಟರ್ ವ್ಯತ್ಯಾಸ ಬರುತ್ತದೆ.

ಇದಕ್ಕೆ ಹಳೆಯ ಉಪಾಯ ಒಂದಿದೆ. ತಾಳ ಹಾಕಿದಂತೆ ಒಂದೇ ಸಮನೆ ಚಪ್ಪಾಳೆ ಹೊಡೆಯುತ್ತ ಹೋಗಬೇಕು. ಪ್ರತಿಧ್ವನಿ ಎರಡು ಚಪ್ಪಾಳೆಗಳ ಸರಿ ನಡುವೆ ಬೀಳುವಂತೆ ವೇಗ ಹೊಂದಿಸಿಕೊಳ್ಳಬೇಕು. ಚಪ್ಪಾಳೆ, ಗೋಡೆ, ಚಪ್ಪಾಳೆ, ಗೋಡೆ, ಗಡಿಯಾರದ ಟಿಕ್ ಟಿಕ್ ಹಾಗೆ. ತಾಳ ಕೂತ ಮೇಲೆ ಹಲವು ಚಪ್ಪಾಳೆಗಳ ಒಟ್ಟು ಸಮಯ ನೋಡಬೇಕು. ಬೆರಳಿನ ತಪ್ಪು ಅಷ್ಟಕ್ಕೂ ಹಂಚಿಹೋಗುತ್ತದೆ. ಎರಡು ಚಪ್ಪಾಳೆಗಳ ನಡುವಿನ ಸಮಯದ ಅರ್ಧವೇ ಶಬ್ದ ಗೋಡೆಗೆ ಹೋಗಿ ಬಂದ ಸಮಯ. ಮಗಳು ತಾಳ ಹಿಡಿಯಲು ಕಾಲು ಗಂಟೆ ತೆಗೆದುಕೊಂಡಳು, ನಾನು ಅದಕ್ಕಿಂತ ಜಾಸ್ತಿ.

20 ಚಪ್ಪಾಳೆಗೆ 11.1 ಸೆಕೆಂಡ್ ಬಂತು. ಅವಳು 20ರಿಂದ ಭಾಗಿಸಿ 0.555 ಎಂದಳು. ಅರ್ಧ ಮಾಡಿದರೆ 0.2775 ಸೆಕೆಂಡ್. ಶಬ್ದ ಓಡಿದ್ದು ಹೋಗಿ ಬಂದು 100 ಮೀಟರ್. ವೇಗ ಸೆಕೆಂಡಿಗೆ 360 ಮೀಟರ್.

"ಅಪ್ಪಾ, ಜಾಸ್ತಿ ಬಂತಲ್ಲ?"

ಎಷ್ಟು ಜಾಸ್ತಿ ಎಂದು ನೋಡಲು ಥರ್ಮಾಮೀಟರು ಸಾಕು. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸುಮಾರು 331 ಮೀಟರ್. ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.6 ಮೀಟರ್ ಏರುತ್ತದೆ. ಆವತ್ತು 26 ಡಿಗ್ರಿ ಇತ್ತು, ಅಂದರೆ ಸುಮಾರು 347 ಬರಬೇಕು. 360 ಬರಬೇಕಾದರೆ ಮಿರ್ಜಾನಿನಲ್ಲಿ 48 ಡಿಗ್ರಿ ಬಿಸಿಲಿರಬೇಕಿತ್ತು! ತಪ್ಪು ಎಲ್ಲಿ ಎಂದು ಅವಳೇ ಬೆರಳು ಮಡಿಸಿ ಹುಡುಕಿದಳು. 20 ಚಪ್ಪಾಳೆಗಳ ನಡುವೆ ಇರುವುದು 19 ಸಂದು. 11.1ನ್ನು 19ರಿಂದ ಭಾಗಿಸಿದರೆ 0.584, ಅರ್ಧ 0.292, ವೇಗ 342. ಇದನ್ನು ನಂಬಬಹುದು. ಮುಂದಿನ ಸಲದಿಂದ ಮೊದಲ ಚಪ್ಪಾಳೆಯನ್ನು "ಸೊನ್ನೆ" ಎಂದೇ ಎಣಿಸಿದಳು.

ಆಮೇಲೆ ಉಲ್ಟಾ ಲೆಕ್ಕ. ಅವಳನ್ನು ಇನ್ನಷ್ಟು ಹಿಂದೆ ನಿಲ್ಲಿಸಿದೆ, ದೂರ ಹೇಳಲಿಲ್ಲ. 20 ಸಂದಿಗೆ 13.9 ಸೆಕೆಂಡ್. ಒಂದಕ್ಕೆ 0.695, ಅರ್ಧ 0.3475. ಅದಕ್ಕೆ 347 ಗುಣಿಸಿದಾಗ 120.6 ಬಂತು. "ನೂರಾ ಇಪ್ಪತ್ತು ಮೀಟರ್" ಎಂದವಳು ಗೋಡೆಯ ಕಡೆ ತಿರುಗಿ ನೋಡಿ ನಾಲಿಗೆ ಕಚ್ಚಿದಳು. ಅಷ್ಟು ದೂರ ಇಲ್ಲ ಎಂದು ಕಣ್ಣಿಗೇ ಕಾಣುತ್ತಿತ್ತು. ಅರ್ಧ ಮಾಡಿದರೆ 60.3. ಟೇಪು ಹಿಡಿದಾಗ 61.

ಕೋಟೆಯ ಒಳಗೂ ಒಮ್ಮೆ ಹೊಡೆದು ನೋಡಿ, ಆದರೆ ಅಳೆಯಲು ಹೋಗಬೇಡಿ. ಸುತ್ತ ಗೋಡೆಗಳಿರುವುದರಿಂದ ಒಂದು ಚಪ್ಪಾಳೆಗೆ ಎರಡು ಮೂರು ಉತ್ತರ ಬರುತ್ತವೆ. ಎರಡು ಬೆಟ್ಟಗಳ ನಡುವೆ ನಿಂತು ಗುಂಡು ಹಾರಿಸುವವನ ಲೆಕ್ಕ ಪುಸ್ತಕದಲ್ಲಿ ಇರುತ್ತದಲ್ಲ, ಅದು ಇದೇ. ಎರಡೂ ಸಮಯ ಕೂಡಿಸಿ, ವೇಗದಿಂದ ಗುಣಿಸಿ, ಅರ್ಧ ಮಾಡಿದರೆ ಬೆಟ್ಟಗಳ ನಡುವಿನ ದೂರ.

ಮಧ್ಯಾಹ್ನ ಗೋಕರ್ಣದ ಹಾದಿ ಹಿಡಿದು ತದಡಿ ಬಂದರಿಗೆ ಹೋದೆವು. ಪುಣ್ಯಕ್ಕೆ ದೋಣಿಯವರೊಬ್ಬರು ಫಿಶ್ ಫೈಂಡರ್ ತೋರಿಸಿದರು. ಅದೂ ಪ್ರತಿಧ್ವನಿಯೇ. ದೋಣಿಯ ತಳದಿಂದ 200 ಕಿಲೋಹರ್ಟ್ಸ್ ಸದ್ದು ಇಳಿದು, ನೆಲಕ್ಕೆ ಬಡಿದು ಮೇಲೆ ಬರುತ್ತದೆ. ನಮಗೆ ಕೇಳದು, ನಮ್ಮ ಕಿವಿ 20 ಕಿಲೋಹರ್ಟ್ಸಿಗೇ ನಿಲ್ಲುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸುಮಾರು 1500 ಮೀಟರ್. ಅದನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ 7.5 ಮಿಲಿಮೀಟರ್. ಗಾಳಿಯಲ್ಲಾದರೆ ಅದೇ ಆವೃತ್ತಿಗೆ 1.7 ಮಿಲಿಮೀಟರ್. ಗಾಳಿಯಿಂದ ನೀರಿಗೆ ಹೋದಾಗ ವೇಗವೂ ತರಂಗದೂರವೂ ಬದಲಾಗುತ್ತವೆ, ಆವೃತ್ತಿ ಮಾತ್ರ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ.

ಪರದೆಯಲ್ಲಿ ಆಳ 3 ಮೀಟರ್ ಎಂದಿತ್ತು. ಹೋಗಿ ಬಂದು 6 ಮೀಟರ್, 1500ರಿಂದ ಭಾಗಿಸಿದರೆ 0.004 ಸೆಕೆಂಡ್. "ಹಾಗಾದರೆ 17 ಮೀಟರಿನ ನಿಯಮ ಇದಕ್ಕಿಲ್ಲವಾ?" ಎಂದಳು. ಇಲ್ಲ. ಅದು ಕಿವಿಯ ಮಿತಿ, ಶಬ್ದದ್ದಲ್ಲ. ನೀರೊಳಗೆ ನಮ್ಮ ಕಿವಿಗೆ ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ 75 ಮೀಟರ್ ಬೇಕು ಎಂದು ಅಲ್ಲೇ ಕೂತು ಲೆಕ್ಕ ಹಾಕಿದಳು. ಈ ಸಲ ಅರ್ಧ ಮಾಡಲು ಮರೆಯಲಿಲ್ಲ.

"ತಂಗೀ, ಮೀನು ಎಲ್ಲಿದೆ ಅಂತ ಹೇಳು, ಆಳ ನಂಗೆ ಗೊತ್ತು" ಎಂದು ದೋಣಿಯವರು ನಕ್ಕರು.