ಐದನೇ ದಿನದ ಮಳೆ ಮತ್ತು ಡ್ರಾ ದರ

"ಕೊನೆ ದಿನ ಮಳೆ ಇದೆ ಅಂತ ಗೊತ್ತಿದ್ರೆ ಡ್ರಾ ಮೇಲೆ ಹಾಕೋದೇ ಸೇಫ್ ಅಲ್ವಾ?"

ಅಲ್ಲ. ನಿಮಗೆ ಗೊತ್ತಿರುವ ಮಳೆ ಬೆಟ್ಟಿಂಗ್ ದರ ಇಡುವವರಿಗೂ ಗೊತ್ತು. ಹಿಂದಿನ ರಾತ್ರಿ ಹವಾಮಾನ ವರದಿ ಬಂದಾಗಲೇ ಡ್ರಾ ದರ, ಅಂದರೆ ಡ್ರಾ ಆದರೆ ಕಟ್ಟಿದ ಒಂದು ರೂಪಾಯಿಗೆ ಮರಳಿ ಸಿಗುವ ಮೊತ್ತ, ಇಳಿದಿರುತ್ತದೆ. ಬೆಳಿಗ್ಗೆ ಟಿವಿಯಲ್ಲಿ ಪಿಚ್ ಮೇಲೆ ಕವರ್ ಕಾಣುವ ಹೊತ್ತಿಗೆ ಆ ಮಳೆಯ ಲೆಕ್ಕ ಮುಗಿದುಹೋಗಿದೆ. ಎಣಿಸಿದ್ದಕ್ಕಿಂತ ಬೇಗ ಮಳೆ ನಿಂತರೆ, ಮಳೆ ಬಂದ ದಿನವೇ ಡ್ರಾ ದರ ಮೇಲೆ ಹೋಗುತ್ತದೆ. ಅಂದರೆ ಡ್ರಾ ಆಗುವ ಸಾಧ್ಯತೆ ಕಡಿಮೆ ಆಯಿತು ಅಂತ ಅರ್ಥ.

ನಾನು ದುಡ್ಡು ಕಟ್ಟುವವನಲ್ಲ, ದರ ಓದುವವನು. ಇದನ್ನೂ ಪ್ರತಿ ಸಲ ಹೇಳಬೇಕಾಗುತ್ತದೆ.

2025ರ ಜುಲೈಯಲ್ಲಿ ಎಜ್‌ಬಾಸ್ಟನ್ ಟೆಸ್ಟಿನ ಕೊನೆಯ ದಿನ ಒಬ್ಬ ಗೆಳೆಯ ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದ. "ಮಳೆ ಹಿಡ್ಕೊಂಡಿದೆ ಕಣೋ, ಮ್ಯಾಚ್ ಡ್ರಾನೇ." ಇಂಗ್ಲೆಂಡ್ 608ರ ಗುರಿಗೆ 3 ವಿಕೆಟಿಗೆ 72 ಮಾಡಿತ್ತು. ಭಾರತಕ್ಕೆ 7 ವಿಕೆಟ್ ಬೇಕಿತ್ತು. 11 ಗಂಟೆಗೆ ಶುರುವಾಗಬೇಕಿದ್ದ ಆಟ 12.40ಕ್ಕೆ ಶುರುವಾಯಿತು. ನೂರು ನಿಮಿಷ ಹೋಯಿತಲ್ಲ, ಎಷ್ಟು ಓವರ್ ಹೋಯಿತು ಹೇಳು ಅಂದೆ. ಇಪ್ಪತ್ತೈದು ಅಂದ. ಹೋದದ್ದು ಹತ್ತೇ.

ಎಲ್ಲರೂ ಎಡವುವುದು ಇಲ್ಲೇ. ದಿನಕ್ಕೆ 90 ಓವರ್, 360 ನಿಮಿಷ. ಒಂದು ಓವರಿಗೆ ನಾಲ್ಕು ನಿಮಿಷದ ಲೆಕ್ಕ. ಆದರೆ ಅದೇ ದಿನ ಕಳೆದುಹೋದ ಸಮಯದಲ್ಲಿ ಒಂದು ಗಂಟೆಯವರೆಗೆ ಆಟವನ್ನು ಸಂಜೆ ಮುಂದುವರಿಸಬಹುದು. ಹಾಗಾಗಿ ಮೊದಲ 60 ನಿಮಿಷದ ಮಳೆಗೆ ಓವರ್ ಕಡಿಮೆ ಆಗುವುದಿಲ್ಲ. ಉಳಿದ 40 ನಿಮಿಷಕ್ಕೆ ಹತ್ತು ಓವರ್ ಹೋಯಿತು, 80 ಉಳಿಯಿತು. ಒಂದೇ ಒಂದು ಭಯ: ಸಂಜೆ ಬೆಳಕು ಕೈಕೊಟ್ಟರೆ ಆ ಮರಳಿ ಬಂದ ಗಂಟೆಯೂ ಹೋಗುತ್ತದೆ.

"ಮಳೆ ಬರುತ್ತಾ" ಅಂತ ಕೇಳುವ ಬದಲು "ಒಂದು ಓವರಿಗೆ ಎಷ್ಟು ಬೆಲೆ" ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ. ಲೆಕ್ಕ ಮಾಡಿ ನೋಡೋಣ. 12 ಓವರಿಗೆ ಒಂದು ವಿಕೆಟ್ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಇದು ನಾನು ಇಟ್ಟುಕೊಂಡ ಊಹೆ, ಅವತ್ತಿನ ಮಾರುಕಟ್ಟೆಯ ದರವಲ್ಲ. ಏಳು ವಿಕೆಟ್ ಬೇಕು, ಗುರಿ ಮುಟ್ಟುವ ಮಾತೇ ಇಲ್ಲ. 90 ಓವರ್ ಇದ್ದರೆ ಡ್ರಾ ಸಾಧ್ಯತೆ ನೂರಕ್ಕೆ 38ರಷ್ಟು, ದರ ಸುಮಾರು 2.65. 80 ಓವರ್ ಆದರೆ ನೂರಕ್ಕೆ 50, ದರ 2.00. 60ಕ್ಕೆ ಇಳಿದರೆ ನೂರಕ್ಕೆ 76, ದರ 1.31. ದರ ಇಡುವವರು ತಮ್ಮ ಲಾಭ ಸೇರಿಸುವುದರಿಂದ ನಿಜವಾಗಿ ಸಿಗುವುದು ಇದಕ್ಕಿಂತ ಸ್ವಲ್ಪ ಕಡಿಮೆಯೇ.

ಈಗ ಆಟ ಶುರುವಾಗಲಿ. ಅವತ್ತು ಆಕಾಶ್ ದೀಪ್ ಆಟದ ಮೊದಲ ಕೆಲವೇ ಓವರ್‌ಗಳಲ್ಲಿ ಪೋಪ್ ಮತ್ತು ಬ್ರೂಕ್ ಇಬ್ಬರನ್ನೂ ತೆಗೆದ. ಐದು ವಿಕೆಟ್ ಬೇಕು, 74 ಓವರ್ ಉಳಿದಿದೆ ಅಂತ ಹಿಡಿದರೆ ನಮ್ಮ ಲೆಕ್ಕದಲ್ಲಿ ಡ್ರಾ ನೂರಕ್ಕೆ 26ಕ್ಕೆ ಬೀಳುತ್ತದೆ. ಹತ್ತು ಓವರ್ ಮಳೆ ಕೊಟ್ಟದ್ದನ್ನು ಎರಡು ವಿಕೆಟ್ ಕಿತ್ತುಕೊಂಡು, ಇನ್ನೂ ಮುಂದೆ ಹೋಯಿತು. ಭಾರತ 336 ರನ್‌ಗಳಿಂದ ಗೆದ್ದಿತು. ಗೆಳೆಯನ ಫೋನ್ ಮತ್ತೆ ಬರಲಿಲ್ಲ.

ಇದು ಭಾರತದ ಗೆಲುವು ಇಲ್ಲವೇ ಡ್ರಾ, ಎರಡೇ ಫಲಿತಾಂಶದ ಆಟ. ಮೂರೂ ಬದುಕಿದ್ದರೆ ಇನ್ನೂ ಸ್ವಾರಸ್ಯ. 2024ರ ಡಿಸೆಂಬರಿನಲ್ಲಿ ಗಾಬಾದಲ್ಲಿ ಆಸ್ಟ್ರೇಲಿಯಾ ಡಿಕ್ಲೇರ್ ಮಾಡಿ ಭಾರತಕ್ಕೆ 54 ಓವರಿನಲ್ಲಿ 275 ಕೊಟ್ಟಿತು. ಓವರಿಗೆ ಐದು ರನ್ನಿನ ಆಸುಪಾಸು, ಪ್ರಯತ್ನಿಸಬಹುದಾದದ್ದು. ಇದರಲ್ಲಿ 15 ಓವರ್ ಮಳೆಗೆ ಹೋಯಿತು ಅಂತ ಇಟ್ಟುಕೊಳ್ಳಿ. ಓವರಿಗೆ ಏಳು ಬೇಕಾಗುತ್ತದೆ. ಮೊದಲು ಸಾಯುವುದು ಬೆನ್ನಟ್ಟುವವರ ಗೆಲುವು. ಅದು ಸತ್ತ ಮೇಲೆ ಬ್ಯಾಟರ್‌ಗಳು ದೊಡ್ಡ ಹೊಡೆತ ಬಿಟ್ಟು ತಡೆಯಲು ನಿಲ್ಲುತ್ತಾರೆ. ಆಗ ವಿಕೆಟ್ ಬೀಳುವ ವೇಗವೂ ತಗ್ಗುತ್ತದೆ. ಹಾಗಾಗಿ ಬೌಲಿಂಗ್ ತಂಡದ ಗೆಲುವಿಗೆ ಎರಡು ಪೆಟ್ಟು: ಓವರ್ ಕಡಿಮೆ, ಎದುರಾಳಿ ಎಚ್ಚರ. ಬರೀ ಓವರ್ ಕಳೆದು ಲೆಕ್ಕ ಹಾಕುವವನು ಈ ಎರಡನೆಯದನ್ನು ಬಿಡುತ್ತಾನೆ, ಡ್ರಾವನ್ನು ಕಡಿಮೆ ಅಂದಾಜು ಮಾಡುತ್ತಾನೆ.

ಅವತ್ತು ಅಷ್ಟು ದೂರ ಹೋಗಲೇ ಇಲ್ಲ. ಭಾರತ ವಿಕೆಟ್ ಇಲ್ಲದೆ 8 ಮಾಡಿದ್ದಾಗ ಬೆಳಕು ಹೋಯಿತು, ಹಿಂದೆಯೇ ಮಳೆ ಬಂತು, ಆಟ ಅಲ್ಲಿಗೆ ನಿಂತಿತು.