ಬೊಬ್ಬೆ ಎದ್ದ ಕಾಲು ಮತ್ತು ಟರ್ನರ್

ಶಿವರಾತ್ರಿಗೆ ಮಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದದ್ದರ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಗುರುವಾಯನಕೆರೆ ಹತ್ತಿರ ಅಪರಿಚಿತ ಅಕ್ಕನೊಬ್ಬರು ಬೊಬ್ಬೆ ಎದ್ದ ನನ್ನ ಪಾದಕ್ಕೆ ತೆಂಗಿನೆಣ್ಣೆ ಹಚ್ಚಿದರು. ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಹೇಳುವ ‘ಕಮ್ಯುನಿಟಾಸ್’, ಅಂದರೆ ಮೇಲು-ಕೀಳು ಮರೆತು ಎಲ್ಲರೂ ಸಮಾನರಾಗುವ ಬಾಂಧವ್ಯ, ಇದೇ ಎಂದು ಬರೆದೆ. ಆದರೆ ರಾತ್ರಿ ಊಟಕ್ಕೆ ಎಲ್ಲರೂ ತಂತಮ್ಮ ಗುಂಪಿಗೇ ಹೋದರು, ಪಾತ್ರೆ ತೊಳೆದದ್ದು ಹೆಂಗಸರೇ. ಪಂಢರಪುರದ ದಾರಿಯಲ್ಲೂ ಜಾತಿವಾರು ಬೇರೆ ಬೇರೆ ಊಟ ಕಂಡು ನೊಂದದ್ದನ್ನು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1962ರಲ್ಲೇ ಬರೆದಿದ್ದಾರೆ.

ಟರ್ನರ್ ಬಳಸುವ ‘ಲಿಮಿನಾಲಿಟಿ’, ಅಂದರೆ ಹಳೆಯ ಸ್ಥಾನ ಬಿಟ್ಟು ಹೊಸದನ್ನು ಸೇರುವ ನಡುವಿನ ಹೊಸ್ತಿಲ ಸ್ಥಿತಿ, ಅದೂ ಹಾಗೆಯೇ ನಮ್ಮ ನಡಿಗೆಗೆ ಪೂರ್ತಿ ಹೊಂದಲಿಲ್ಲ. ಅದರ ಮೂಲ ದೀಕ್ಷೆಯಂಥ ಆಚರಣೆ: ಹುಡುಗನಾಗಿ ಹೋದವನು ಗಂಡಸಾಗಿ ಮರಳುತ್ತಾನೆ. ನಾವು ಮರಳಿದ್ದು ಅದೇ ಕೆಲಸಕ್ಕೆ, ಅದೇ ಸ್ಥಾನಕ್ಕೆ. ಸ್ವಇಚ್ಛೆಯ ಯಾತ್ರೆಗೆ ಟರ್ನರ್ ಕೂಡ ‘ಲಿಮಿನಾಯ್ಡ್’ ಎಂಬ ಸಡಿಲ ಪದವನ್ನೇ ಬಳಸಿದರು.

‘ಯಾತ್ರೆ ಭೇದ ಅಳಿಸುತ್ತದೆ’ ಎಂಬ ಸಾಲು ಹೊಡೆದುಹಾಕಿದೆ. ‘ಎಣ್ಣೆ ಹಚ್ಚುವಷ್ಟು ಹೊತ್ತು ಅಳಿಸಿತು’ ಎಂದು ಬರೆದೆ.