ತೋಳಿನ ತರಿತರಿ ಗುಳ್ಳೆಗಳಿಗೆ ಏನು ಮಾಡಬೇಕು?

"ತೋಳಿನ ಹಿಂಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆ. ಕೈಯಾಡಿಸಿದರೆ ತರಿತರಿ. ಎಷ್ಟು ಉಜ್ಜಿದರೂ ಹೋಗಲ್ಲ ಡಾಕ್ಟ್ರೇ, ಏನು ಮಾಡ್ಲಿ?"

ಮೊದಲು ಉಜ್ಜೋದನ್ನು ನಿಲ್ಲಿಸಿ. ಇದು ಕೊಳೆಯಲ್ಲ, ಮೊಡವೆಯಲ್ಲ, ಅಂಟುರೋಗವೂ ಅಲ್ಲ. ನಾವು ಚೀಟಿಯಲ್ಲಿ ಕೆರಟೋಸಿಸ್ ಪಿಲಾರಿಸ್ ಎಂದು ಬರೆಯುತ್ತೇವೆ.

ಚರ್ಮದ ಮೇಲ್ಪದರದಲ್ಲಿ ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ಇರುತ್ತದೆ. ಹಳೆಯ ಪದರ ತಾನಾಗಿಯೇ ಉದುರಬೇಕು. ಕೆಲವರಲ್ಲಿ ಅದು ಕೂದಲಿನ ರಂಧ್ರದ ಬಾಯಲ್ಲೇ ಅಂಟಿಕೊಂಡು ಬಿರಡೆಯ ಹಾಗೆ ಕೂರುತ್ತದೆ. ಭೂತಗನ್ನಡಿ ಹಿಡಿದರೆ ಕೆಲವು ಗುಳ್ಳೆಗಳೊಳಗೆ ಸುರುಳಿ ಸುತ್ತಿದ ತೆಳು ಕೂದಲು ಕಾಣುತ್ತದೆ. ಅಮ್ಮನಿಗೋ ಅಪ್ಪನಿಗೋ ಇದ್ದರೆ ಮಕ್ಕಳಿಗೂ ಬರುವುದು ಜಾಸ್ತಿ. ಒಣ ಚರ್ಮದವರಲ್ಲಿ, ಚಳಿಗಾಲದಲ್ಲಿ ಎದ್ದು ಕಾಣುತ್ತದೆ.

ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ದಿನಾ ಹೀರೆಕಾಯಿ ನಾರಿನಿಂದ ತೋಳು ಉಜ್ಜುತ್ತಿದ್ದಳು. ಉಗುರಿನಿಂದ ಚಿವುಟುತ್ತಲೂ ಇದ್ದಳು. ಗುಳ್ಳೆ ಹಾಗೇ ಇತ್ತು, ಸುತ್ತ ಕಪ್ಪು ಚುಕ್ಕೆಗಳು ಬಂದಿದ್ದವು. ನಮ್ಮ ಮೈಬಣ್ಣದಲ್ಲಿ ಚರ್ಮ ಕೆರಳಿದ ಕಡೆಯೆಲ್ಲ ಕಪ್ಪು ಉಳಿಯುತ್ತದೆ. ಗುಳ್ಳೆಗಿಂತ ಆ ಕಲೆ ಹೋಗೋದೇ ನಿಧಾನ. ನನಗೆ ನಿಜವಾಗಿ ಬೇಜಾರಾಗೋದು ಇದಕ್ಕೇ.

ಅವಳಿಗೆ ಹೇಳಿದ್ದು ಇಷ್ಟು. ಸುಡುನೀರು ಬೇಡ, ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸು. ಟವೆಲ್ಲಿನಿಂದ ಒತ್ತಿ ಒರೆಸು, ತೋಳು ಇನ್ನೂ ತೇವವಿರುವಾಗಲೇ 10 ಪರ್ಸೆಂಟ್ ಯೂರಿಯಾ ಇರುವ ಕ್ರೀಮ್ ಹಚ್ಚು. ಯೂರಿಯಾ ನೀರನ್ನು ಹಿಡಿದಿಟ್ಟು ಆ ಗಟ್ಟಿ ಕೆರಟಿನನ್ನು ಮೆತ್ತಗೆ ಮಾಡುತ್ತದೆ. ಮೊದಲ ವಾರ ದಿನ ಬಿಟ್ಟು ದಿನ ಹಚ್ಚಿ, ಉರಿ ಇಲ್ಲದಿದ್ದರೆ ದಿನಾ ಹಚ್ಚಬಹುದು. ವ್ಯಾಕ್ಸಿಂಗ್ ಮಾಡಿದ ದಿನ, ಗಾಯವಿರುವ ಕಡೆ ಬೇಡ, ಚುರುಗುಟ್ಟುತ್ತದೆ. ಲ್ಯಾಕ್ಟಿಕ್ ಆಸಿಡ್ ಇರುವ ಲೋಷನ್ನೂ ಇದೇ ಕೆಲಸ ಮಾಡುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಕೇಳದೆ ಹಚ್ಚಬೇಡಿ. ಕೊಬ್ಬರಿ ಎಣ್ಣೆ ಒಣಗೋದನ್ನು ತಡೆಯುತ್ತದೆ, ಬಿರಡೆಯನ್ನು ಕರಗಿಸೋದಿಲ್ಲ.

ಒಂದೂವರೆ ತಿಂಗಳ ಹೊತ್ತಿಗೆ ತೋಳು ನುಣುಪಾಗುತ್ತಾ ಬರಬೇಕು. ಕ್ರೀಮ್ ನಿಲ್ಲಿಸಿದರೆ ಮತ್ತೆ ತರಿತರಿ ಬರುತ್ತದೆ, ಇದರ ಸ್ವಭಾವವೇ ಅದು. ಹರೆಯದಲ್ಲಿ ಜಾಸ್ತಿ ಇದ್ದದ್ದು ಎಷ್ಟೋ ಜನಕ್ಕೆ 30 ದಾಟುವಷ್ಟರಲ್ಲಿ ತಾನಾಗಿ ಇಳಿಯುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಗುಳ್ಳೆಗಳು ಮೊಣಕೈ, ಮೊಣಕಾಲಿನ ಮೇಲೆ ದಪ್ಪಗೆ, ಮುಳ್ಳಿನ ಹಾಗಿದ್ದರೆ ಪೌಷ್ಟಿಕಾಂಶದ ಕೊರತೆಯೂ ಇರಬಹುದು. ಮಗುವಿಗೆ ಅದರ ಜೊತೆ ಸಂಜೆ ಹೊತ್ತು ಕಣ್ಣು ಸರಿಯಾಗಿ ಕಾಣದಿದ್ದರೆ ವಿಟಮಿನ್ ಎ ಕಡಿಮೆಯಾಗಿರಬಹುದು, ಕೂಡಲೇ ತೋರಿಸಿ. ಗುಳ್ಳೆ ಕೆಂಪಗೆ ಊದಿ, ನೋವಾಗಿ, ಕೀವು ತುಂಬಿದರೂ ಅಷ್ಟೇ, ಕ್ರೀಮ್ ಹಚ್ಚುತ್ತಾ ಕೂರಬೇಡಿ.